ನಡುಮನೆಯ ಕೆಂಪು ನೆಲ

ಹೋದ ವರ್ಷ ಜನವರಿ ಕೊನೆಯ ಮಂಗಳವಾರ ಮುಳಬಾಗಿಲಿನಲ್ಲಿ ನಮ್ಮ ಅಣ್ಣನ ಮನೆಯ ನಡುಮನೆಯ ನೆಲವನ್ನು ಕೊಳಾಯಿ ಕೆಲಸದವರು ಕಟ್ಟಿಂಗ್ ಮಷಿನ್ನಿನಿಂದ ಕೊಯ್ದರು. ಅಡುಗೆಮನೆಯ ಬಾಗಿಲಿನಿಂದ ಬಚ್ಚಲ ಗೋಡೆಯವರೆಗೆ, ಒಂದು ಗೇಣು ಅಗಲ, ಒಂಬತ್ತು ಅಡಿ ಉದ್ದ. ಒಳಗಿದ್ದ ಹಳೆಯ ಕಬ್ಬಿಣದ ಪೈಪು ತುಕ್ಕು ಹಿಡಿದು ಸೋರುತ್ತಿತ್ತು. ಹೊಸ ಪೈಪು ಹಾಕಿ, ಮೇಲೆ ಬೂದು ಸಿಮೆಂಟು ಮೆತ್ತಿ ಅವರು ಮಧ್ಯಾಹ್ನದ ಹೊತ್ತಿಗೆ ಹೋದರು.

ಆ ಸಂಜೆ ಅತ್ತಿಗೆ ಫೋನ್ ಮಾಡಿದರು. ಕೋಲಾರದಲ್ಲಿ ಪತ್ರಿಕೆಯ ಕೆಲಸಕ್ಕೆ ಸೇರಿದ ಮೇಲೆ ನನಗೆ ಅವರಿಂದ ಹಬ್ಬಕ್ಕೆ ಕರೆಯುವ ಫೋನ್ ಬಿಟ್ಟು ಬೇರೆ ಫೋನ್ ಬರುವುದು ಕಡಿಮೆ. ಪೈಪಿನ ವಿಷಯ ಹೇಳಿದರು. ಆಮೇಲೆ, ಅಣ್ಣ ಟೈಲ್ಸ್ ಅಂಗಡಿಗೆ ಹೋಗಿದ್ದಾನೆ ಎಂದರು.

ನೆಲ ಹಾಕಿದ್ದು ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ. ಅದೇ ವರ್ಷ ಅಣ್ಣನ ಮದುವೆಯಾಗಿ ಅತ್ತಿಗೆ ಮನೆಗೆ ಬಂದರು. ಅಪ್ಪ ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟಿಸುವಾಗ ದೇವರ ಮನೆಯೊಂದನ್ನು ಮುಟ್ಟಗೊಡಲಿಲ್ಲ. ಹೀಗಾಗಿ ಆ ಮನೆಯಲ್ಲಿ ಮೂರು ಬಗೆಯ ನೆಲ ಉಳಿಯಿತು. ದೇವರ ಮನೆಯಲ್ಲಿ ತಾತನ ಕಾಲದ ಗಾರೆ ನೆಲ, ಅಂದರೆ ಸುಣ್ಣ ಮತ್ತು ಮರಳನ್ನು ಗಾಣದಲ್ಲಿ ಅರೆದು, ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಸೇರಿಸಿ, ಮರದ ಹಲಗೆಯಿಂದ ದಿನಗಟ್ಟಲೆ ಬಡಿದು, ಕಲ್ಲಿನಿಂದ ತಿಕ್ಕಿ ಹೊಳಪು ತಂದದ್ದು. ಜಗುಲಿಗೆ ಮಾಲೂರಿನಿಂದ ತರಿಸಿದ ಹೂವಿನ ಬಿಲ್ಲೆಗಳು: ಹಳದಿ, ಕಪ್ಪು, ಕಾಫಿ ಬಣ್ಣದ ಸಿಮೆಂಟಿನ ಬಿಲ್ಲೆಗಳು, ನಾಲ್ಕು ಸೇರಿಸಿದರೆ ಒಂದು ಹೂವು. ನಡುಮನೆಗೆ ಮಾತ್ರ ಕೆಂಪು, ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಕಲಸಿ ಹಾಕಿದ್ದು.

ಬೇಸಿಗೆ ರಜೆಯಲ್ಲಿ ಊಟವಾದ ಮೇಲೆ ಅಂಗಿ ತೆಗೆದು ಆ ಕೆಂಪು ನೆಲದ ಮೇಲೆ ಬೋರಲು ಮಲಗುತ್ತಿದ್ದೆ. ಕೆನ್ನೆ ಇಟ್ಟ ಜಾಗ ಬೆಚ್ಚಗಾದರೆ ಒಂದು ಮೊಳ ಆಚೆ ಜರುಗುವುದು. ಮನೆಯ ಉದ್ದಕ್ಕೂ ಹಾಗೇ ಜರುಗುತ್ತಾ ಹೋಗಿ, ನಾಲ್ಕು ಗಂಟೆಗೆ ಎದ್ದರೆ ನಾನು ಬಚ್ಚಲ ಬಾಗಿಲಲ್ಲಿರುತ್ತಿದ್ದೆ. ಕೋಲಾರದಲ್ಲಿ ನಾನು ಬಾಡಿಗೆಗಿದ್ದ ಆರು ಮನೆಗಳ ನೆಲವನ್ನೂ ನೆನಪಿಸಿಕೊಳ್ಳಲು ಆಗುವುದಿಲ್ಲ. ಬಿಳಿ ಟೈಲ್ಸ್ ಇದ್ದವು ಎಂಬುದಷ್ಟೇ ಗೊತ್ತು.

ಕೆಲಸಕ್ಕೆ ರಜೆ ಹಾಕಿ ಶನಿವಾರ ಬಸ್ಸು ಹತ್ತಿ ಹೋದೆ. ನಡುಮನೆಯಲ್ಲಿ ಬೂದು ಪಟ್ಟಿ ಬಾಗಿಲಿಂದಲೇ ಕಂಡಿತು. ಅಣ್ಣ ಕುರ್ಚಿಯ ಮೇಲೆ ಕೂತು ಟೈಲ್ಸ್ ಅಂಗಡಿಯ ಪುಸ್ತಕ ತಿರುವುತ್ತಿದ್ದ. ಮಾರ್ಚ್ ಮೊದಲ ಭಾನುವಾರ ಮಗಳ ನಿಶ್ಚಿತಾರ್ಥ, ಗಂಡಿನ ಕಡೆಯವರು ಮನೆಗೇ ಬರುತ್ತಾರೆ. ಟೈಲ್ಸ್ ಹಾಕುವವನಿಗೆ ಹತ್ತು ದಿನ ಬೇಕು. ಫೆಬ್ರವರಿ ಹದಿನೈದಕ್ಕೆ ಕೆಲಸ ಶುರುವಾಗಲೇಬೇಕು ಎಂದು ಲೆಕ್ಕ ಹೇಳಿದ. ಕೆಂಪು ನೆಲವನ್ನು ರಿಪೇರಿ ಮಾಡಿಸಬಹುದಲ್ಲ ಎಂದೆ.

‘ಜಗುಲಿ ಏನಾಯ್ತು ನೋಡಿದೀಯಲ್ಲ. ತೇಪೆ ಹಾಕಿದ ಮನೇಲಿ ಬೀಗರನ್ನ ಕೂರಿಸ್ಲಾ?’ ಎಂದ.

ಜಗುಲಿಯದ್ದು ನಿಜ. ಅದಕ್ಕೂ ಎರಡು ವರ್ಷ ಮೊದಲು ಮನೆಗೆ ಬಣ್ಣ ಹೊಡೆಸಿದಾಗ ಬಿಲ್ಲೆಗಳ ಮೇಲೆ ಸುಣ್ಣದ ಹನಿ ಬಿದ್ದಿತ್ತು. ಕಲೆ ತೆಗೆಯಲು ಬಂದವನು ಕಕ್ಕಸು ತೊಳೆಯುವ ಆಸಿಡ್ ಸುರಿದು ಬ್ರಷ್ಷಿನಲ್ಲಿ ಉಜ್ಜಿದ. ನೊರೆ ಬಂದಾಗ ಕೊಳೆ ಬಿಡುತ್ತಿದೆ ಎಂದು ಎಲ್ಲರೂ ತಿಳಿದರು. ಬಿಡುತ್ತಿದ್ದದ್ದು ಬಿಲ್ಲೆ. ಈ ಬಿಲ್ಲೆಗಳಲ್ಲಿ ಬಣ್ಣವಿರುವುದು ಮೇಲಿನ ತೆಳು ಪದರದಲ್ಲಿ; ಅದು ಸಿಮೆಂಟು, ಸಿಮೆಂಟಿಗೆ ಆಸಿಡ್ ಆಗುವುದಿಲ್ಲ. ಹೂವುಗಳು ಮಂಕಾದವು, ಮೈ ತರಿತರಿಯಾಯಿತು, ಆ ತರಿಯಲ್ಲಿ ಮಣ್ಣು ಕೂರತೊಡಗಿತು. ಬದಲಿ ಬಿಲ್ಲೆ ಹುಡುಕಿಕೊಂಡು ನಾನು ಮಾಲೂರಿಗೆ ಹೋಗಿದ್ದೆ. ಕೈ ಪ್ರೆಸ್ಸಿನಲ್ಲಿ ಒಂದೊಂದೇ ಬಿಲ್ಲೆ ಒತ್ತುತ್ತಿದ್ದ ಶೆಡ್ಡಿನಲ್ಲಿ ಈಗ ರಸ್ತೆ ಬದಿಗೆ ಹಾಸುವ ಇಂಟರ್‌ಲಾಕ್ ಇಟ್ಟಿಗೆ ತಯಾರಾಗುತ್ತಿತ್ತು. ಹೂವಿನ ಅಚ್ಚುಗಳನ್ನು ಗುಜರಿಗೆ ಹಾಕಿ ಬಹಳ ಕಾಲವಾಯಿತು ಎಂದು ಅಲ್ಲಿದ್ದವರು ಹೇಳಿದರು.

ಅತ್ತಿಗೆ ಅಡುಗೆಮನೆಯಿಂದ ಕಾಫಿ ತಂದಿಟ್ಟರು. ಅವರ ಪರವಾಗಿ ನಾನು ಮಾತಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರಿಗೆ ಹಾಗನ್ನಿಸಲಿಲ್ಲ.

‘ನೀನು ವರ್ಷಕ್ಕೆ ಎರಡು ಸಲ ಬಂದು ಮಲ್ಕೊಂಡು ಹೋಗ್ತೀಯ ಕಣೋ. ದಿನಾ ಒರೆಸೋಳು ನಾನು. ನಿನ್ನ ನೆಲ ಅಂತ ಹೇಳ್ಬೇಡ,’ ಎಂದರು. ಆಮೇಲೆ ಅಣ್ಣನ ಕಡೆ ತಿರುಗಿ, ‘ಶ್ರೀನಿವಾಸಪುರದ ಮೇಸ್ತ್ರಿ ಒಂದ್ಸಲ ಬಂದು ನೋಡ್ಲಿ. ಅವರು ಆಗಲ್ಲ ಅಂದ್ರೆ ನೀವು ಏನಾದ್ರೂ ಹಾಕ್ಕೊಳ್ಳಿ,’ ಎಂದರು.

ಅಣ್ಣ ಪುಸ್ತಕ ಮುಚ್ಚಿದ. ಹದಿನೈದನೇ ತಾರೀಕು ತಾನೇ ನೋಡುತ್ತೇನೆ, ತೇಪೆ ಎದ್ದು ಕಂಡರೆ ಅವತ್ತೇ ಟೈಲ್ಸ್ ಕೆಲಸ ಶುರು ಎಂದ. ಸೋಮವಾರ ಟೈಲ್ಸ್ ಪೆಟ್ಟಿಗೆಗಳು ಬಂದು ಜಗುಲಿಯಲ್ಲಿ ಕೂತವು.

ಮೇಸ್ತ್ರಿ ಮುಸ್ಲಿಮರು. ನಮ್ಮ ಕೆಂಪು ನೆಲ ಹಾಕಿದ್ದು ಅವರ ತಂದೆ. ಆಗ ಇವರಿಗೆ ಇಪ್ಪತ್ತರ ಆಸುಪಾಸು, ತಂದೆಯ ಕೈಕೆಳಗೆ ಕರಣೆ ಹಿಡಿದಿದ್ದರು. ಈಗ ಮೊಣಕಾಲಿನ ಕೆಳಗೆ ಗೋಣಿತಟ್ಟಿನ ದಿಂಬು ಇಟ್ಟುಕೊಂಡೇ ಕೂರುತ್ತಾರೆ. ಬುಧವಾರ ಬೆಳಿಗ್ಗೆ ಬಂದವರು ಚಪ್ಪಲಿ ಬಿಟ್ಟು ಇಡೀ ನಡುಮನೆಯನ್ನು ಬರಿಗಾಲಲ್ಲಿ ಒಂದು ಸುತ್ತು ನಡೆದರು. ಅಲ್ಲಲ್ಲಿ ನಿಂತು ಬೆರಳ ಗೆಣ್ಣಿನಿಂದ ತಟ್ಟಿದರು. ಎರಡು ಕಡೆ ಟೊಳ್ಳು ಸದ್ದು ಬಂತು, ಅವುಗಳನ್ನು ಸುಣ್ಣದ ಕಡ್ಡಿಯಿಂದ ಗುರುತು ಮಾಡಿ, ಇಲ್ಲಿ ಭಾರದ ಬೀರು ಇಡಬೇಡಿ, ಬೇರೇನೂ ಮಾಡಬೇಡಿ ಎಂದರು. ಮುಚ್ಚಿದ ಬೂದು ಸಿಮೆಂಟನ್ನು ಮೇಲಿನಿಂದ ಒಂದೂವರೆ ಅಂಗುಲ ತೆಗೆದು, ಅಂಚನ್ನು ಉಳಿಯಿಂದ ನೇರ ಮಾಡಿ, ಹೊಸದಾಗಿ ಕೆಂಪು ಹಾಕಬಹುದು. ಕೆಲಸ ಕಷ್ಟವಲ್ಲ. ಬಣ್ಣ ಕಷ್ಟ. ಈಗ ಅಂಗಡಿಯಲ್ಲಿ ಸಿಗುವ ಆಕ್ಸೈಡ್ ಟೊಮೆಟೊ ಹಣ್ಣಿನಂತೆ ಮಿಂಚುತ್ತದೆ, ಆಗಿನದು ಹುಣಸೆ ಬೀಜದ ಕಡೆಗಿತ್ತು ಎಂದರು.

ಆಮೇಲೆ ಅತ್ತಿಗೆಯನ್ನು ನೋಡಿ ಸಹಜವಾಗಿ ಕೇಳಿದರು: ‘ನಮ್ಮ ಅಪ್ಪಾಜಿ ಒಂದು ಡಬ್ಬ ಕೊಟ್ಟಿದ್ರಲ್ಲಮ್ಮಾ, ಅದು ತನ್ನಿ.’

ಅವರ ಮನೆತನದ ಪದ್ಧತಿ ಅದು. ನೆಲ ಮುಗಿಸಿ ಹೊರಡುವ ದಿನ, ಅದೇ ನೆಲಕ್ಕೆ ತಂದ ಮೂಟೆಯಿಂದ ಉಳಿಸಿದ ಕೆಂಪು ಪುಡಿಯನ್ನು ಒಂದು ಡಬ್ಬದಲ್ಲಿ ತುಂಬಿ ಮನೆಯ ಹೆಂಗಸರ ಕೈಗೆ ಕೊಡುವುದು. ಸಿಮೆಂಟು ಕೂಡಿಸಿಟ್ಟರೆ ಗಟ್ಟಿಯಾಗುತ್ತದೆ; ಬರಿಯ ಆಕ್ಸೈಡ್ ಎಷ್ಟು ವರ್ಷವಾದರೂ ಕೆಡುವುದಿಲ್ಲ. ಮುಂದೆ ಎಂದಾದರೂ ನೆಲ ಒಡೆದರೆ ಅದೇ ಪುಡಿ ಬೇಕು.

ಅತ್ತಿಗೆ ಅಟ್ಟದ ಮೇಲೆ ಇರಬೇಕು, ಹುಡುಕಿಸುತ್ತೇನೆ ಎಂದರು. ಮೇಸ್ತ್ರಿ ಶುಕ್ರವಾರ ನಮಾಜು ಮುಗಿಸಿ ಬರುವುದಾಗಿ ಹೇಳಿ ಹೋದರು. ಗುರುವಾರ ನಾನು ಅಟ್ಟ ಹತ್ತಿದೆ. ಹಿತ್ತಾಳೆ ಕೊಳಗ, ತೊಟ್ಟಿಲು, ಅಪ್ಪನ ಸೈಕಲ್ಲಿನ ಪಂಪು ಸಿಕ್ಕಿದವು. ಡಬ್ಬ ಸಿಕ್ಕಲಿಲ್ಲ. ಕೆಳಗಿಳಿದು ಹೇಳಿದಾಗ ಅತ್ತಿಗೆ ಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ. ಸಂಜೆ ಹಿತ್ತಲಿಗೆ ಕೈ ತೊಳೆಯಲು ಹೋದವನು ತುಳಸಿ ಕಟ್ಟೆಯನ್ನು ನೋಡಿದೆ. ಕಟ್ಟೆಯ ಅಂಚಿನ ಕೆಂಪು ಪಟ್ಟೆ ಕೆಮ್ಮಣ್ಣಿನ ಕೆಂಪಾಗಿರಲಿಲ್ಲ. ಹುಣಸೆ ಬೀಜದ ಕಡೆಗಿತ್ತು.

ಒಳಗೆ ಬಂದು ಅತ್ತಿಗೆಯನ್ನು ಕೇಳಿದೆ. ಅವರು ಸೊಪ್ಪಿನ ಮೊರವನ್ನು ಕೆಳಗಿಟ್ಟರು.

ಮದುವೆಯಾಗಿ ಬಂದ ಹೊಸತು. ಶುಕ್ರವಾರ ಹೊಸಿಲು, ತುಳಸಿ ಕಟ್ಟೆ ಸಾರಿಸಿ ರಂಗೋಲಿಯ ಸುತ್ತ ಕೆಮ್ಮಣ್ಣು ಎಳೆಯಬೇಕು. ಡಬ್ಬದಲ್ಲಿ ಕೆಂಪು ಪುಡಿ ಇದೆ, ಅತ್ತೆ ಕೊಟ್ಟಿದ್ದಾರೆ, ಇದಕ್ಕೇ ಇರಬೇಕು ಎಂದು ತಿಳಿದರು. ನೀರಲ್ಲಿ ಕಲಸಿ ಎಳೆದರೆ ನುಣ್ಣಗೆ ಕೂತಿತು, ಕೈಗೆ ಹತ್ತಿದ್ದು ಎರಡು ದಿನ ಹೋಗಲಿಲ್ಲ. ತವರಿನ ಕೆಮ್ಮಣ್ಣಿಗಿಂತ ಈ ಊರಿನದು ಚೆನ್ನಾಗಿದೆ ಎಂದು ತಾಯಿಗೆ ಹೇಳಿದ್ದರಂತೆ. ಎಷ್ಟೋ ವರ್ಷ ಶುಕ್ರವಾರ ಶುಕ್ರವಾರ ಒಂದೊಂದು ಚಮಚ. ಡಬ್ಬ ಖಾಲಿಯಾದ ಮೇಲೆ ಅದರಲ್ಲಿ ರಾಗಿ ಹುರಿಹಿಟ್ಟು ಹಾಕಿಟ್ಟರು.

ಅವರ ತವರು ಆಂಧ್ರದ ಗಡಿಯಾಚೆ. ತೀರಾ ಬೇಸರವಾದಾಗ ತೆಲುಗಿಗೆ ಹೋಗುತ್ತಾರೆ. ‘ಏಮಿ ಚೇಸ್ತಾಮು,’ ಎಂದರು, ಏನು ಮಾಡುವುದು ಎಂದು. ‘ನಿಮ್ಮಣ್ಣನಿಗೆ ಹೇಳ್ಬೇಡ. ನೆಲ ಹೋದದ್ದು ನನ್ನಿಂದ ಅಂತ ಆಗತ್ತೆ.’

ಆ ನೆಲಕ್ಕೆ ಅವರು ಏನೆಂದು ಆಗ ನನಗೆ ನೆನಪಾಯಿತು. ನೆಲ ಹಾಕಿದ ಮಾರನೆಯ ದಿನದಿಂದ ಮಣ್ಣಿನ ಬದು ಕಟ್ಟಿ ನಡುಮನೆಯಲ್ಲಿ ನೀರು ನಿಲ್ಲಿಸಿದ್ದರು. ನೀರು ಆರದಂತೆ ನೋಡಿಕೊಳ್ಳುವ ಕೆಲಸ ಹೊಸ ಸೊಸೆಗೆ ಬಿತ್ತು. ಬಾವಿಯಿಂದ ಸೇದಿ, ಹೊಸಿಲಾಚೆ ನಿಂತು, ಚೊಂಬಿನಿಂದ ನಿಧಾನ ಬಿಡುತ್ತಿದ್ದರು. ಮೇಲಿನಿಂದ ಸುರಿದರೆ ಎಳೆ ನೆಲಕ್ಕೆ ಗುಳಿ ಬೀಳುತ್ತದೆ ಎಂದು ದೊಡ್ಡ ಮೇಸ್ತ್ರಿ ಹೇಳಿದ್ದರು. ನೆಲ ಒಣಗಿದ ಮೇಲೆ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಅದ್ದಿ, ಮಂಡಿಯೂರಿ ಮೂಲೆಯಿಂದ ಮೂಲೆಗೆ ತಿಕ್ಕಿದವರೂ ಅವರೇ. ನಾನು ಅದರ ಮೇಲೆ ಮಲಗಿದ್ದು ಆಮೇಲೆ.

ಶುಕ್ರವಾರ ಅಣ್ಣ ಹೊರಗೆ ಹೋಗಿದ್ದಾಗ ಮೇಸ್ತ್ರಿಗೆ ಅತ್ತಿಗೆಯೇ ಹೇಳಿದರು. ಅವರು ನಗುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ನಗಲಿಲ್ಲ. ಹಿತ್ತಲಿಗೆ ಹೋಗಿ ಕಟ್ಟೆಯ ಮುಂದೆ ಕುಕ್ಕುರು ಕೂತು, ಉಗುರಿನಿಂದ ಪಟ್ಟೆಯನ್ನು ಕೆರೆದರು. ಕಟ್ಟೆಯ ಮೇಲ್ಭಾಗದ ಬಣ್ಣ ಮಳೆಗೆ ಹೋಗಿತ್ತು. ಅಂಚಿನ ಕೆಳಗೆ, ನೀರು ತಾಗದ ಕೊರಕಲಿನಲ್ಲಿ, ಪದರದ ಮೇಲೆ ಪದರ ಕೂತು ಹಪ್ಪಳದಷ್ಟು ದಪ್ಪವಾಗಿತ್ತು.

‘ಬಣ್ಣ ಎಲ್ಲೂ ಹೋಗಿಲ್ಲಮ್ಮಾ. ಇಲ್ಲೇ ಇಟ್ಟಿದೀರ. ಇದು ಕಬ್ಬಿಣದ ಬಣ್ಣ, ಬಿಸಿಲಿಗೆ ಸಾಯಲ್ಲ,’ ಎಂದರು. ಕೈ ಹಿಂದಕ್ಕೆ ತೆಗೆದು, ‘ದೇವರ ಕಟ್ಟೆ. ನಾನು ಕೆರೆಯೋದು ಬೇಡ. ನೀವು ಕೆರೆದು ಕೊಡಿ,’ ಎಂದರು.

ಅತ್ತಿಗೆ ಸ್ನಾನ ಮಾಡಿ ಬಂದು, ಕಟ್ಟೆಗೆ ಕೈ ಮುಗಿದು, ತೆಂಗಿನಕಾಯಿ ಚಿಪ್ಪಿನಲ್ಲಿ ಕೆರೆಯಲು ಕೂತರು. ಸಂಜೆಯ ಹೊತ್ತಿಗೆ ಬಟ್ಟೆಯ ಮೇಲೆ ಮೂರು ಹಿಡಿಯಷ್ಟು ಬಿತ್ತು. ಮೇಸ್ತ್ರಿ ಅದನ್ನು ಒಣಗಿಸಿ, ಕುಟ್ಟಿ, ಪಂಚೆಯ ಬಟ್ಟೆಯಲ್ಲಿ ಜರಡಿ ಹಿಡಿದರು. ಸುಣ್ಣದ ಚೂರು, ತುಳಸಿ ಬೀಜ ಬಟ್ಟೆಯಲ್ಲಿ ಉಳಿದವು. ಒಂಬತ್ತು ಅಡಿಗೆ ಅಷ್ಟು ಸಾಲದು. ಅಂಗಡಿಯ ಆಕ್ಸೈಡಿಗೆ ಇದನ್ನು ಬೆರೆಸಿ ಅದರ ಮಿಂಚನ್ನು ಇಳಿಸಬೇಕು ಎಂದು ತೀರ್ಮಾನಿಸಿದರು.

ಹಳೆಯ ನೆಲದ ನಿಜವಾದ ಬಣ್ಣ ಯಾವುದು ಎಂದು ಮೊದಲು ತಿಳಿಯಬೇಕಿತ್ತು. ಮೂವತ್ತು ವರ್ಷದ ಎಣ್ಣೆ ಕೂತು ಅದು ಕಪ್ಪಾಗಿತ್ತು. ಬೀರುವಿನ ಹಿಂದೆ ಅಂಗೈಯಗಲ ಜಾಗವನ್ನು ಬೆಚ್ಚನೆ ನೀರು ಮತ್ತು ಸೀಗೆಪುಡಿಯಿಂದ ಮೆಲ್ಲಗೆ ತೊಳೆದರು. ಆಸಿಡ್ಡೂ ಬೇಡ, ಸೋಡಾನೂ ಬೇಡ, ಫಿನಾಯಿಲೂ ಬೇಡ ಎಂದು ಅಣ್ಣನಿಗೆ ಕೇಳುವಂತೆ ಹೇಳಿದರು. ಹೊಳಪು ಬರಲಿ ಎಂದು ವಾರ್ನಿಷ್ ಹೊಡೆಸುವವರಿಗೂ ಅವರ ಬಳಿ ಒಂದು ಮಾತಿತ್ತು: ನೆಲ ಕೆಳಗಿನ ತೇವವನ್ನು ಮೇಲಕ್ಕೆ ಬಿಡುತ್ತದೆ, ಬಾಯಿ ಮುಚ್ಚಿದರೆ ಒಳಗೇ ಉಪ್ಪು ಕಟ್ಟಿ ಬೆಳ್ಳಗಾಗಿ ಸಿಪ್ಪೆ ಏಳುತ್ತದೆ. ದೇವರ ಮನೆಯ ಗಾರೆ ನೆಲದಲ್ಲಿ ಕೂದಲೆಳೆಯಂಥ ಬಿರುಕಿತ್ತು. ಅದಕ್ಕೆ ಸಿಮೆಂಟು ತುಂಬಬೇಡಿ, ಸುಣ್ಣಕ್ಕೆ ಸುಣ್ಣವೇ ಆಗಬೇಕು, ಸಿಮೆಂಟು ಗಡಸು, ಪಕ್ಕದ ಗಾರೆಯನ್ನು ಒಡೆಯುತ್ತದೆ ಎಂದರು.

ಬೇರೆ ಬೇರೆ ಪ್ರಮಾಣದಲ್ಲಿ ಐದು ಬಿಲ್ಲೆ ಕಲಸಿ ಹಂಚಿನ ಮೇಲೆ ಹಾಕಿ ನೆರಳಲ್ಲಿಟ್ಟರು. ಹಸಿಯಲ್ಲಿ ಐದೂ ಒಂದೇ. ಒಣಗಿದಂತೆ ಬೇರೆಯಾದವು. ಮಂಗಳವಾರ ಬೆಳಿಗ್ಗೆ ಅವುಗಳನ್ನು ತೊಳೆದ ಜಾಗದ ಪಕ್ಕ ಇಟ್ಟು ನೋಡಿ, ಅತ್ತಿಗೆಯನ್ನು ಕರೆದು ಆರಿಸಿ ಎಂದರು. ಅತ್ತಿಗೆ ನಾಲ್ಕನೆಯದನ್ನು ಮುಟ್ಟಿದರು. ತನ್ನದೂ ಅದೇ ಎಂದರು ಮೇಸ್ತ್ರಿ.

ಬುಧವಾರ, ಫೆಬ್ರವರಿ ಹನ್ನೆರಡು, ಕೆಂಪು ಹಾಕಿದರು. ಹಳೆಯ ಅಂಚಿಗೆ ಚೆನ್ನಾಗಿ ನೀರು ಕುಡಿಸಿ, ತಳಕ್ಕೆ ಮರಳು ಸಿಮೆಂಟಿನ ಗಾರೆ ತುಂಬಿ, ಅದು ಹಸಿಯಿರುವಾಗಲೇ ಮೇಲೆ ಕೆಂಪು ಎಳೆದರು. ಒಂಬತ್ತು ಅಡಿಗೂ ಒಂದೇ ಸಲ ಕಲಸಿದ್ದು. ಎರಡು ಸಲ ಕಲಸಿದರೆ ಎರಡು ಬಣ್ಣ. ಕರಣೆಯಿಂದ ಒತ್ತಿ, ಅರ್ಧ ಗಂಟೆ ಕಾದು, ಮತ್ತೆ ಒತ್ತಿ, ಕೊನೆಗೆ ನುಣುಪಾದ ಹೊಳೆಗಲ್ಲಿನಿಂದ ತಿಕ್ಕಿದರು. ಮಧ್ಯೆ ಅಣ್ಣ ಬಂದು, ಬೇಗ ಹೊಳಪು ಬರಲು ಒಣ ಸಿಮೆಂಟು ಚಿಮುಕಿಸುತ್ತಾರಲ್ಲ ಎಂದು ಕೇಳಿದ. ಚಿಮುಕಿಸಿದರೆ ಆರು ತಿಂಗಳಲ್ಲಿ ಜೇಡರ ಬಲೆಯಂತೆ ಬಿರಿಯುತ್ತದೆ ಎಂದು ಮೇಸ್ತ್ರಿ ತಲೆ ಎತ್ತದೆ ಹೇಳಿದರು. ಗುರುವಾರ ಬೆಳಿಗ್ಗೆ ಬದು ಕಟ್ಟಿ ನೀರು ನಿಲ್ಲಿಸಿದರು. ಏಳು ದಿನ ಇರಬೇಕು, ನಡುವೆ ಆರಬಾರದು ಎಂದು ಹೇಳಿ ಊರಿಗೆ ಹೋದರು.

ಹದಿನೈದು ಬಂದದ್ದು ಮೂರನೆಯ ದಿನಕ್ಕೆ. ನಮ್ಮಲ್ಲಿ ಯಾರೂ ಇದನ್ನು ಲೆಕ್ಕ ಹಾಕಿರಲಿಲ್ಲ.

ಶನಿವಾರ ಬೆಳಿಗ್ಗೆ ಟೈಲ್ಸ್ ಹಾಕುವವನು ಇಬ್ಬರನ್ನು ಕರೆದುಕೊಂಡು ಬಂದು ಜಗುಲಿಯಲ್ಲಿ ನಿಂತ. ಅಣ್ಣ ನಡುಮನೆಗೆ ಬಂದು ನೋಡಿದ. ನೀರಿನ ಕೆಳಗಿನ ಪಟ್ಟಿ ಕಪ್ಪುಗೆಂಪಾಗಿತ್ತು, ಎರಡೂ ಬದಿಯ ಒಣ ನೆಲ ಅದಕ್ಕಿಂತ ತಿಳಿಯಾಗಿತ್ತು. ಗಾಯದಂತೆ ಕಾಣುತ್ತಿತ್ತು. ಒಣಗಿದ ಮೇಲೆ ತಿಳಿಯಾಗುತ್ತದೆ ಎಂದು ನಾನು ಹೇಳಿದೆ. ಒಣಗಲು ಎಷ್ಟು ದಿನ ಎಂದು ಕೇಳಿದ. ಎರಡು ವಾರ ಎಂದೆ. ‘ನಿಶ್ಚಿತಾರ್ಥಕ್ಕೆ ಇನ್ನು ಎರಡು ವಾರ ಐತೆ. ಆಮೇಲೆ ಚೆನ್ನಾಗಿಲ್ಲ ಅಂದ್ರೆ ಏನ್ಲಾ ಮಾಡ್ಲಿ?’ ಎಂದ. ಅವನ ಮಾತಿನಲ್ಲಿ ತಪ್ಪು ಇರಲಿಲ್ಲ. ಅವನು ಜಗುಲಿಯ ಕಡೆ ಹೊರಟ.

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿದ್ದರು. ಬಚ್ಚಲಿಗೆ ಹೋಗಿ ಎರಡು ಬಕೆಟ್ ನೀರು ತಂದರು. ಸೆರಗು ಸಿಕ್ಕಿಸಿ, ಬಾಗಿ, ಗೋಡೆಯ ಕಡೆಯಿಂದ ಶುರುಮಾಡಿ ಇಡೀ ನಡುಮನೆಗೆ ನೀರು ಹರಡಿದರು. ಕುರ್ಚಿಯ ಕಾಲುಗಳ ಸುತ್ತ, ಬೀರುವಿನ ಬುಡ, ಹೊಸಿಲಿನ ತನಕ. ಆಮೇಲೆ ಪಟ್ಟಿಯ ಎರಡೂ ಬದಿಯ ಬದುವನ್ನು ಕೈಯಿಂದ ಸರಿಸಿದರು. ಆ ನೀರೂ ಈ ನೀರೂ ಸೇರಿದವು.

‘ಬನ್ನಿ ರೀ. ಈಗ ನೋಡಿ,’ ಎಂದರು.

ಒದ್ದೆ ನೆಲ ಮೂಲೆಯಿಂದ ಮೂಲೆಗೆ ಒಂದೇ ಕೆಂಪಾಗಿತ್ತು. ಅಣ್ಣ ಹೊಸಿಲಲ್ಲಿ ನಿಂತು ನೋಡಿದ. ಪಟ್ಟಿ ಎಲ್ಲಿಂದ ಶುರು ಎಂದು ಬೆರಳಲ್ಲಿ ತೋರಿಸಲು ಹೋಗಿ ಒಂದು ಗೇಣು ತಪ್ಪಿದ. ಬಾಗಿ ನೋಡಿದಾಗ ಅಂಚಿನ ಗೆರೆ ಕಂಡಿತು.

‘ದಿನಾ ಒರೆಸೋಳಿಗೆ ಗೊತ್ತು ಒದ್ದೇಲಿ ಹೆಂಗಿರತ್ತೆ, ಒಣಗಿದ್ರೆ ಹೆಂಗಿರತ್ತೆ ಅಂತ. ಒಂದು ಒದ್ದೆ ಒಂದು ಒಣಗ್ಲು ಇಟ್ಕೊಂಡು ಬಣ್ಣ ನೋಡ್ತಾರಾ?’ ಎಂದರು ಅತ್ತಿಗೆ. ಆಮೇಲೆ ತಾವೇ ಮುಂದುವರಿಸಿದರು, ‘ಡಬ್ಬದ ಪುಡಿ ಕಟ್ಟೆಗೆ ಹಾಕಿ ಖಾಲಿ ಮಾಡಿದ್ದು ನಾನೇ. ಅದೂ ತಿಳ್ಕೊಳ್ಳಿ.’

ಅಣ್ಣ ಅವರ ಮುಖ ನೋಡಿದ. ‘ಮೂವತ್ತು ವರ್ಷ ಕೆಮ್ಮಣ್ಣು ಅಂತ ಎಳೆದ್ಯಾ?’ ಎಂದ.

‘ಮೂವತ್ತಿಲ್ಲ. ಒಂದು ಹದಿನೈದು.’

ಅವನು ನಕ್ಕ. ಜಗುಲಿಗೆ ಹೋಗಿ ಟೈಲ್ಸ್‌ನವನ ಹತ್ತಿರ ಬಹಳ ಹೊತ್ತು ಮಾತಾಡಿ ಅವರನ್ನು ವಾಪಸು ಕಳಿಸಿದ. ಅತ್ತಿಗೆ ಮಣ್ಣು ಕಲಸಿ ಬದುವನ್ನು ಮತ್ತೆ ಕಟ್ಟಿದರು. ಚೊಂಬಿನಿಂದ ಪಟ್ಟಿಗೆ ನೀರು ಬಿಡುವ ಕೆಲಸವನ್ನು ನಾನು ಕೇಳಿದೆ. ಮೇಲಿನಿಂದ ಸುರಿಯಬೇಡ ಎಂದು ಹೇಳಿ ಕೊಟ್ಟರು.

ನಿಶ್ಚಿತಾರ್ಥ ನಡೆಯಿತು. ನೆಲದ ಮೇಲೆ ಜಮಖಾನ ಹಾಸಿದ್ದರು. ಬೀಗರು ಊಟ ಹೊಗಳಿದರು, ನೆಲದ ಮಾತು ಎತ್ತಲಿಲ್ಲ.

ಟೈಲ್ಸ್ ಪೆಟ್ಟಿಗೆಗಳನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಜೂನ್ ತಿಂಗಳಲ್ಲಿ ಅವುಗಳನ್ನು ಜಗುಲಿಗೆ ಹಾಕಿದರು. ಹೂವಿನ ಬಿಲ್ಲೆಗಳಲ್ಲಿ ಒಡೆಯದೆ ಎದ್ದು ಬಂದವು ಹನ್ನೊಂದು. ನಡುಮನೆಯ ಪಟ್ಟಿ ಈ ತಿಂಗಳ ಮೊದಲ ವಾರ ನಾನು ನೋಡಿದಾಗ ಅಕ್ಕಪಕ್ಕದ ನೆಲಕ್ಕಿಂತ ಒಂದು ಛಾಯೆ ತಿಳಿಯಾಗಿತ್ತು. ಅತ್ತಿಗೆ ಅದಕ್ಕೆ ಎರಡು ಸಲ ಎಣ್ಣೆ ತಿಕ್ಕಿದ್ದಾರೆ.